ಮಲಯಾಳದಿಂದ ಕನ್ನಡಕ್ಕೆ: ಅನುವಾದಕರ ಮೂವತ್ತು ಸೆಕೆಂಡಿನ ಪರಿಚಯ

(ಗಡಿನಾಡಿನ ಕನ್ನಡ ಯುವಕ ಯುವತಿಯರ ಜೊತೆ ಆಡಿದ ಮಾತಿನ ಬರಹರೂಪ)



ಕಾಸರಗೋಡು, ತಾಳವಾಡಿ, ಹೊಸೂರು, ಮಡಕಶಿರಾ, ಅಕ್ಕಲಕೋಟೆ, ಜತ್ತ ಕಡೆಯವರೆಲ್ಲ ಇಲ್ಲಿ ಸೇರಿದ್ದೀರಿ. ನಿಮ್ಮಲ್ಲಿ ಸುಮಾರು ಜನ ಮನೆಯಲ್ಲೇ ಕೂತು ಅನುವಾದದ ಕೆಲಸ ಮಾಡಬೇಕು ಅಂತ ಲಿಂಕ್ಡ್‌ಇನ್‌ನಲ್ಲಿ ಪ್ರೊಫೈಲ್ ತೆರೆದವರು. ಇವತ್ತು ನಾನು ಮಾತಾಡುವುದು ಆ ಪ್ರೊಫೈಲ್‌ನ ಒಂದು ಸಣ್ಣ ಮೂಲೆಯ ಬಗ್ಗೆ ಮಾತ್ರ. ಅಲ್ಲಿ Featured ಅಂತ ಒಂದು ಭಾಗ ಉಂಟು. ನಮ್ಮ ಕೆಲಸದಲ್ಲಿ ಆಯ್ದದ್ದನ್ನು ಕಾರ್ಡಿನ ಹಾಗೆ ಎದುರಿಗೆ ಜೋಡಿಸಿಡುವ ಜಾಗ ಅದು. ಆ ಜಾಗದಲ್ಲಿ ಮೊದಲ ಕಾರ್ಡಾಗಿ ಇಡುವ ಮೂವತ್ತು ಸೆಕೆಂಡಿನ ವಿಡಿಯೊ, ನಿಮ್ಮದೇ ಮುಖ, ನಿಮ್ಮದೇ ದನಿ, ಇಷ್ಟೇ ಇವತ್ತಿನ ವಿಷಯ.

ಇಷ್ಟು ಸಣ್ಣದಕ್ಕೆ ಒಂದು ಭಾಷಣ ಬೇಕಾ ಅಂತ ಅನ್ನಿಸಬಹುದು. ಅದಕ್ಕೆ ಮೊದಲು ನಾನು ಕೈ ಸುಟ್ಟುಕೊಂಡ ಕತೆ ಹೇಳ್ತೇನೆ.

ನಾನು ಕೆಲಸ ಶುರು ಮಾಡಿದಾಗ ನನ್ನ ಪ್ರೊಫೈಲ್‌ನಲ್ಲಿ ಊರಿನ ಹೆಸರು ಇತ್ತು, ರಾಜ್ಯದ ಹೆಸರು ಇತ್ತು, ಗೊತ್ತಿರುವ ಭಾಷೆಗಳ ಪಟ್ಟಿ ಇತ್ತು. ಒಂದು ಏಜೆನ್ಸಿಯವರು ಕೆಲಸ ಕಳಿಸಿದರು. ನೋಡಿದರೆ ಕನ್ನಡದಿಂದ ಮಲಯಾಳಕ್ಕೆ! ವಿಳಾಸದಲ್ಲಿ ಕೇರಳ ಅಂತ ಇದ್ದದ್ದರಿಂದ ನನ್ನ ತಾಯಿನುಡಿ ಮಲಯಾಳ ಅಂತ ಅವರು ಬರೆದುಕೊಂಡಿದ್ದರು. ನನಗೆ ಮಲಯಾಳ ಓದಲಿಕ್ಕೆ ಬರ್ತದೆ, ಮಾತಾಡಲಿಕ್ಕೆ ಬರ್ತದೆ, ಕಚೇರಿಯ ಕಾಗದ ಎಂಥದೇ ಇರಲಿ ಅರ್ಥ ಆಗ್ತದೆ. ಆದರೆ ತಪ್ಪಿಲ್ಲದೆ ಬರೆಯುವುದು ಬೇರೆ ವಿದ್ಯೆ. ಕೆಲಸ ಬಂತಲ್ಲ ಅನ್ನುವ ಆಸೆಗೆ ಒಪ್ಪಿಕೊಂಡೆ. ಅವರ ಪರಿಶೀಲಕರು ಪುಟ ತುಂಬ ಕೆಂಪು ಗುರುತು ಹಾಕಿ ಹಿಂದೆ ಕಳಿಸಿದರು. ಆಮೇಲೆ ಆ ಏಜೆನ್ಸಿಯಿಂದ ಒಂದು ಸಾಲೂ ಬರಲಿಲ್ಲ. ನನಗೆ ನಿಜವಾಗಿ ಬರುವ ಮಲಯಾಳದಿಂದ ಕನ್ನಡದ ಕೆಲಸ ಅವರಲ್ಲಿ ಇದ್ದಿರಲೂಬಹುದು. ಅದನ್ನು ಕೇಳುವ ಮುಖವೂ ಉಳಿಯಲಿಲ್ಲ.

ತಪ್ಪು ಅವರದು ಮಾತ್ರ ಅಲ್ಲ. ಅನುವಾದದ ಕೆಲಸಕ್ಕೆ ಒಂದು ದಿಕ್ಕು ಉಂಟು. ಯಾವ ಭಾಷೆಯಿಂದ, ಯಾವ ಭಾಷೆಗೆ? ಸಾಮಾನ್ಯವಾಗಿ ಏಜೆನ್ಸಿಗಳು ತಾಯಿನುಡಿಗೆ ಅನುವಾದ ಮಾಡುವವರನ್ನೇ ಹುಡುಕುತ್ತವೆ. ಬೆಂಗಳೂರಿನ ಕನ್ನಡಿಗನ ವಿಷಯದಲ್ಲಿ ಆ ದಿಕ್ಕನ್ನು ಯಾರೂ ಕೇಳುವುದಿಲ್ಲ, ವಿಳಾಸ ನೋಡಿದರೇ ತಿಳಿಯುತ್ತದೆ. ನಮ್ಮ ವಿಷಯದಲ್ಲಿ ವಿಳಾಸವೇ ತಪ್ಪು ದಿಕ್ಕು ತೋರಿಸುತ್ತದೆ. ಕೃಷ್ಣಗಿರಿ ಜಿಲ್ಲೆ ಅಂದಕೂಡಲೇ ತಮಿಳಿಗ, ಸೊಲ್ಲಾಪುರ ಅಂದಕೂಡಲೇ ಮರಾಠಿಗ ಅಂತ ಓದುವವರ ಮನಸ್ಸಿನಲ್ಲಿ ಆಗಲೇ ಅಚ್ಚಾಗಿರ್ತದೆ. 1956ರಲ್ಲಿ ಗೆರೆ ಎಳೆದದ್ದು ನಾವಲ್ಲ, ಆದರೆ ಪ್ರೊಫೈಲ್ ಓದುವವರಿಗೆ ಆ ಇತಿಹಾಸ ಗೊತ್ತಿಲ್ಲ. ಆದ್ದರಿಂದ ನಮ್ಮ ಮೂವತ್ತು ಸೆಕೆಂಡಿನ ಮೊದಲ ಕೆಲಸ ಈ ದಿಕ್ಕು ಹೇಳುವುದು. ಉಳಿದದ್ದೆಲ್ಲ ಅದರ ನಂತರ.

ಈಗ ಒಂದು ಉದಾಹರಣೆ ಹಿಡಿದು ಪೂರ್ತಿ ನೋಡೋಣ. ಕುಂಬಳೆ ಕಡೆಯ ಒಬ್ಬಳು ಹುಡುಗಿ, ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದವಳು, ತನ್ನ ವಿಡಿಯೊಗೆ ಬರೆದ ಮಾತನ್ನು ನನಗೆ ತೋರಿಸಿದಳು. ಹೆಸರು ಬಿಟ್ಟು ಓದ್ತೇನೆ, ಕೇಳಿ:

"ಎಲ್ಲರಿಗೂ ನಮಸ್ಕಾರ. ನಾನು ಕೇರಳ ರಾಜ್ಯದ ಕಾಸರಗೋಡು ಜಿಲ್ಲೆಯವಳು. ನಾನೊಬ್ಬ ಉತ್ಸಾಹಿ ಮತ್ತು ಶ್ರಮಜೀವಿ ಅನುವಾದಕಿ. ಚಿಕ್ಕಂದಿನಿಂದಲೂ ನನಗೆ ಭಾಷೆಗಳೆಂದರೆ ಬಹಳ ಪ್ರೀತಿ. ನನಗೆ ಕನ್ನಡ, ಮಲಯಾಳ, ತುಳು, ಹಿಂದಿ, ಇಂಗ್ಲಿಷ್ ಹೀಗೆ ಐದು ಭಾಷೆಗಳು ಗೊತ್ತು. ಎಲ್ಲ ರೀತಿಯ ಅನುವಾದಗಳನ್ನು ಉತ್ತಮ ಗುಣಮಟ್ಟದಲ್ಲಿ, ಸರಿಯಾದ ಸಮಯಕ್ಕೆ, ಕಡಿಮೆ ದರದಲ್ಲಿ ಮಾಡಿಕೊಡುತ್ತೇನೆ. ದಯವಿಟ್ಟು ನನಗೊಂದು ಅವಕಾಶ ಕೊಡಿ."

ಕೇಳಲಿಕ್ಕೆ ಚಂದ ಉಂಟು. ಆದರೆ ಕೆಲಸ ಹಂಚುವವರ ಜಾಗದಲ್ಲಿ ಕೂತು ಕೇಳಿ. ಅವರನ್ನು ಏಜೆನ್ಸಿಗಳಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಅಂತಾರೆ. ಅವರ ಎದುರು ಒಂದು ಫೈಲ್ ಉಂಟು, ಭಾಷೆ ಇಂಥದ್ದು, ವಿಷಯ ಇಂಥದ್ದು, ನಾಳೆ ಸಂಜೆಗೆ ಬೇಕು. ಈ ಹುಡುಗಿಗೆ ಕೊಡಬಹುದೋ ಇಲ್ಲವೋ ಎಂಬುದೊಂದೇ ಅವರ ಪ್ರಶ್ನೆ. ಮೊದಲ ವಾಕ್ಯದಲ್ಲಿ ಕೇರಳ ಅಂತ ಕೇಳಿದರು, ಮಲಯಾಳದವಳು ಅಂದುಕೊಂಡರು. ಐದು ಭಾಷೆ ಅಂತ ಕೇಳಿದರು, ಯಾವುದರಿಂದ ಯಾವುದಕ್ಕೆ ಅಂತ ತಿಳಿಯಲಿಲ್ಲ. ಎಲ್ಲ ರೀತಿಯ ಅನುವಾದ ಅಂತ ಕೇಳಿದರು, ಹಾಗಾದರೆ ಯಾವುದರಲ್ಲೂ ಹೆಚ್ಚಿನ ಪಳಗಿಕೆ ಇಲ್ಲ ಅಂತ ತಿಳಿದುಕೊಂಡರು. ಕಡಿಮೆ ದರ ಅಂದದ್ದನ್ನು ಮಾತ್ರ ಸರಿಯಾಗಿ ನೆನಪಿಟ್ಟುಕೊಂಡರು! ಮುಂದೆ ದರ ಮಾತಾಡುವಾಗ ಅಲ್ಲಿಂದಲೇ ಶುರು ಮಾಡ್ತಾರೆ. ಶ್ರಮಜೀವಿ, ಉತ್ಸಾಹಿ ಅಂತ ಯಾರು ಬೇಕಾದರೂ ಹೇಳಿಕೊಳ್ಳಬಹುದಾದ್ದರಿಂದ ಆ ಎರಡು ಪದ ಕಿವಿಗೆ ಬೀಳುವುದೇ ಇಲ್ಲ.

ನಾವಿಬ್ಬರೂ ಕೂತು ಅದನ್ನು ಬಿಚ್ಚಿ ಮತ್ತೆ ಕಟ್ಟಿದೆವು. ಕೊನೆಗೆ ಉಳಿದದ್ದು ಇಷ್ಟು:

"ನಮಸ್ಕಾರ, ನಾನು (ಹೆಸರು). ಮಲಯಾಳದಿಂದ ಕನ್ನಡಕ್ಕೆ ಅನುವಾದ ಮಾಡುತ್ತೇನೆ. ಕನ್ನಡ ನನ್ನ ಮನೆಮಾತು, ಹತ್ತನೇ ತರಗತಿಯವರೆಗೆ ಓದಿದ್ದೂ ಕನ್ನಡದಲ್ಲೇ. ಮಲಯಾಳ ನಮ್ಮೂರಿನ ಕಚೇರಿಯ ಭಾಷೆ, ಊರು ಕಾಸರಗೋಡು. ಆಸ್ತಿಪತ್ರ, ಸರ್ಟಿಫಿಕೇಟು, ಸರಕಾರಿ ಸುತ್ತೋಲೆ, ಇವು ನನ್ನ ಕೆಲಸ. ಮಲಯಾಳದ ಪತ್ರದಲ್ಲಿ 'ಅವಕಾಶಂ' ಅಂತ ಇದ್ದರೆ ಅದು ಕನ್ನಡದ ಅವಕಾಶ ಅಲ್ಲ, ಹಕ್ಕು. ಮಾದರಿ ಅನುವಾದ ಈ ವಿಡಿಯೊದ ಪಕ್ಕದಲ್ಲೇ ಇದೆ. ನೋಡಿ, ಮೆಸೇಜ್ ಮಾಡಿ."

ಎಣಿಸಿದರೆ ಹೆಸರೂ ಸೇರಿ 45 ಪದದ ಆಸುಪಾಸು. ಇಂಗ್ಲಿಷ್‌ನಲ್ಲಿ ಮೂವತ್ತು ಸೆಕೆಂಡಿಗೆ 70 ಪದ ಅಂತ ಹೇಳುವುದನ್ನು ಕೇಳಿರ್ತೀರಿ. ಆ ಲೆಕ್ಕ ನಮಗೆ ಹೊಂದುವುದಿಲ್ಲ. ಇಂಗ್ಲಿಷ್‌ನಲ್ಲಿ ಬಿಡಿಬಿಡಿಯಾಗಿ ಬರುವ ಸಣ್ಣ ಪದಗಳೆಲ್ಲ ಕನ್ನಡದಲ್ಲಿ ಪ್ರತ್ಯಯವಾಗಿ ಪದಕ್ಕೇ ಅಂಟಿಕೊಳ್ತವೆ. 'ತರಗತಿಯವರೆಗೆ' ಅನ್ನುವುದು ಒಂದೇ ಪದ, ಆದರೆ ಎಂಟು ಅಕ್ಷರ. ಅದಕ್ಕೇ ನಾನು ಪದ ಎಣಿಸುವುದನ್ನು ಬಿಟ್ಟು ಅಕ್ಷರ ಎಣಿಸ್ತೇನೆ. ಕನ್ನಡದಲ್ಲಿ ಒಂದು ಅಕ್ಷರ ಅಂದರೆ ಹೆಚ್ಚುಕಮ್ಮಿ ನಾಲಿಗೆಯ ಒಂದು ಹೆಜ್ಜೆ. ಈ ಹುಡುಗಿಯ ಮಾತಿನಲ್ಲಿ ಸುಮಾರು 155 ಅಕ್ಷರ ಉಂಟು. ಸೆಕೆಂಡಿಗೆ ಆರು ಅಕ್ಷರದ ಹಾಗೆ ಸ್ಪಷ್ಟವಾಗಿ ಹೇಳಿದರೆ 26 ಸೆಕೆಂಡು. ಉಳಿದ ನಾಲ್ಕು ಸೆಕೆಂಡು ವಾಕ್ಯ ವಾಕ್ಯದ ನಡುವೆ ಉಸಿರಿಗೆ. ಬರೆದ ಮಾತು 160 ಅಕ್ಷರ ದಾಟಿತೋ, ನೀವು ಓಡಲಿಕ್ಕೆ ಶುರು ಮಾಡ್ತೀರಿ. ಓಡುವುದು ಮೊದಲು ತಿಳಿಯುವುದು ವಾಕ್ಯದ ಕೊನೆಯಲ್ಲಿ. 'ಮಾಡುತ್ತೇನೆ' ಅನ್ನುವುದು 'ಮಾಡ್ತೆ' ಆಗಿ ನುಂಗಿ ಹೋಗ್ತದೆ. ನಿಮ್ಮ ರೆಕಾರ್ಡಿಂಗ್‌ನಲ್ಲಿ ಕ್ರಿಯಾಪದಗಳ ಬಾಲ ಕೇಳಿಸದಿದ್ದರೆ ಮತ್ತೆ ಹೇಳುವ ಮೊದಲು ಮಾತನ್ನೇ ಕತ್ತರಿಸಿ.

ಈ ಮಾತಿನ ಒಂದೊಂದು ವಾಕ್ಯ ಯಾಕೆ ಅಲ್ಲಿ ಉಂಟು ಅಂತ ಹೇಳ್ತೇನೆ.

ಮೊದಲ ಐದು ಸೆಕೆಂಡು ಹೆಸರು ಮತ್ತು ದಿಕ್ಕು. 'ದಿಂದ', 'ಕ್ಕೆ' ಎಂಬ ಎರಡು ಪ್ರತ್ಯಯ ಸ್ವಲ್ಪ ಒತ್ತಿ ಹೇಳಬೇಕು. ಅಲ್ಲಿಗೆ ನೋಡುವವರ ಮುಖ್ಯ ಪ್ರಶ್ನೆಗೆ ಉತ್ತರ ಸಿಕ್ಕಿತು. ಮುಂದಿನದನ್ನು ಅವರು ನೋಡದಿದ್ದರೂ ನಷ್ಟ ಕಡಿಮೆ.

ಎರಡನೆಯದು ವಿಳಾಸದ ಗೊಂದಲಕ್ಕೆ ಮದ್ದು. ಗಮನಿಸಿ, ಇಲ್ಲಿ ಊರಿನ ಹೆಸರು ಕಡೆಗೆ ಬಂತು. ಮೊದಲು ಮನೆಮಾತು, ಆಮೇಲೆ ಓದಿದ ಮಾಧ್ಯಮ, ಆಮೇಲೆ ಮಲಯಾಳ ಹೇಗೆ ಗೊತ್ತು ಅನ್ನುವುದು, ಅದಕ್ಕೆ ಕಾರಣವಾಗಿ ಊರು. ಮೊದಲ ಬರಹದಲ್ಲಿ ಕಾಸರಗೋಡು ಸಂಶಯ ಹುಟ್ಟಿಸಿತ್ತು. ಈಗ ಅದೇ ಕಾಸರಗೋಡು ಸಾಕ್ಷಿ ಹೇಳ್ತದೆ. ಊರು ಬದಲಾಗಲಿಲ್ಲ, ಅದು ಬರುವ ಜಾಗ ಬದಲಾಯಿತು.

ಇಲ್ಲಿ ಒಂದು ಪ್ರಾಮಾಣಿಕತೆಯ ಮಾತು ಹೇಳಬೇಕು. ಎಲ್ಲರೂ ಕನ್ನಡ ಮಾಧ್ಯಮದಲ್ಲಿ ಓದಿಲ್ಲ. ಹೊಸೂರಿನಲ್ಲಿ, ಮಡಕಶಿರಾದಲ್ಲಿ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳೋ ತೆಲುಗೋ ಓದಿದ ಮಕ್ಕಳು ಎಷ್ಟೋ ಜನ. ಅಂಥವರು ಕನ್ನಡಕ್ಕೆ ಅನುವಾದ ಮಾಡ್ತೇನೆ ಅಂತ ಅಭಿಮಾನಕ್ಕೆ ಹೇಳಬಾರದು. ಒಂದು ಪುಟ ಕನ್ನಡದಲ್ಲಿ ಬರೆಯಿರಿ, ಕನ್ನಡ ಮೇಷ್ಟ್ರೊಬ್ಬರಿಗೆ ತೋರಿಸಿ. ಅಲ್ಪಪ್ರಾಣ ಮಹಾಪ್ರಾಣ, ಒತ್ತಕ್ಷರ, ವಿಭಕ್ತಿ ಇವುಗಳಲ್ಲಿ ಪುಟಕ್ಕೆ ಹತ್ತು ತಪ್ಪು ಬಂದರೆ ನಿಮ್ಮ ದಿಕ್ಕು ಸದ್ಯಕ್ಕೆ ಕನ್ನಡದಿಂದ ತಮಿಳಿಗೆ, ಕನ್ನಡದಿಂದ ತೆಲುಗಿಗೆ. ಅದೂ ಒಳ್ಳೆಯ ಕೆಲಸವೇ. ಕನ್ನಡವನ್ನು ಒಳಗಿನಿಂದ ಅರ್ಥಮಾಡಿಕೊಂಡು ತಮಿಳಿನಲ್ಲಿ ತಪ್ಪಿಲ್ಲದೆ ಬರೆಯುವವರು ದಾರಿಯಲ್ಲಿ ಸಿಗುವುದಿಲ್ಲ. ನಾನು ಮಾಡಿದ ತಪ್ಪನ್ನು ತಿರುಗಾಮುರುಗಾ ಮಾಡಿ ನೀವು ಮಾಡಬೇಡಿ ಅಂತ ಅಷ್ಟೇ.

ಮೂರನೆಯದು ವಿಷಯ. ಆಸ್ತಿಪತ್ರ, ಸರ್ಟಿಫಿಕೇಟು, ಸುತ್ತೋಲೆ. ಮೂರೇ ಹೆಸರು, ಮೂರೂ ಕೈಯಲ್ಲಿ ಹಿಡಿಯಬಹುದಾದ ಕಾಗದ. 'ಕಾನೂನು ಅನುವಾದ' ಅಂತ ಹೇಳಬಹುದಿತ್ತು. ಆದರೆ ಹಾಗೆ ಹೇಳಿದರೆ ನಾಳೆ ಒಂದು ಕಂಪನಿ ಒಪ್ಪಂದ ಬಂದು ಬೀಳ್ತದೆ, ಅದು ಆಕೆಗೆ ಗೊತ್ತಿಲ್ಲ. ಗೊತ್ತಿರುವ ಕಾಗದದ ಹೆಸರನ್ನೇ ಹೇಳುವುದು ಒಳ್ಳೆಯದು.

ನಾಲ್ಕನೆಯದು ಪುರಾವೆ. ಈ ವಿಡಿಯೊದ ಜೀವ ಇರುವುದು ಇಲ್ಲಿ. ನಾನು ಚೆನ್ನಾಗಿ ಮಾಡ್ತೇನೆ ಅಂತ ಹೇಳುವ ಬದಲು ಆರೇಳು ಸೆಕೆಂಡಿನಲ್ಲಿ ಒಂದು ಕೆಲಸ ಮಾಡಿ ತೋರಿಸುವುದು. ಮಲಯಾಳದಲ್ಲಿ 'ಅವಕಾಶಂ' ಅಂದರೆ ಹಕ್ಕು. ನಾವು ಮಾನವ ಹಕ್ಕು ಅನ್ನುವುದನ್ನು ಅವರು ಮನುಷ್ಯಾವಕಾಶಂ ಅಂತಾರೆ. ಎರಡೂ ಲಿಪಿ ಕಲಿತು ನಿಘಂಟು ಇಟ್ಟುಕೊಂಡು ಕೂತವನು ಆಸ್ತಿಪತ್ರದಲ್ಲಿ ಈ ಪದ ನೋಡಿದರೆ ಕನ್ನಡದ ಅವಕಾಶವನ್ನೇ ಇಟ್ಟು ಮುಂದೆ ಹೋಗುವ ಅಪಾಯ ಉಂಟು, ಯಾಕಂದರೆ ಪದ ಕಣ್ಣಿಗೆ ಪರಿಚಿತ. ಆಸ್ತಿಯಲ್ಲಿ ಒಬ್ಬರಿಗೆ ಹಕ್ಕು ಇರುವುದಕ್ಕೂ ಅವಕಾಶ ಇರುವುದಕ್ಕೂ ಎಷ್ಟು ಅಂತರ ಅಂತ ನಾನು ಹೇಳಬೇಕಾಗಿಲ್ಲ. ಹಾಗೆಯೇ 'ಆಧಾರಂ'. ನಮಗೆ ಆಧಾರ ಅಂದರೆ ಆಸರೆ ಅಥವಾ ಪುರಾವೆ, ಈಗ ಕಾರ್ಡಿನ ಹೆಸರು ಬೇರೆ. ಮಲಯಾಳದ ಜಮೀನಿನ ಕಾಗದದಲ್ಲಿ ಆಧಾರಂ ಅಂದರೆ ನೋಂದಣಿಯಾದ ದಸ್ತಾವೇಜು.

ಇಂಥ ಮೋಸಗಾರ ಪದಗಳು ಎಲ್ಲ ಗಡಿಯಲ್ಲೂ ಉಂಟು. ತಾಳವಾಡಿ, ಹೊಸೂರಿನವರಿಗೆ ತಮಿಳಿನ 'ಉತ್ತರವು' ಗೊತ್ತು. ಸರಕಾರಿ ಕಾಗದದಲ್ಲಿ ಅದು ಉತ್ತರ ಅಲ್ಲ, ಆದೇಶ. ಆದೋನಿ, ರಾಯದುರ್ಗ, ಮಡಕಶಿರಾದವರಿಗೆ ತೆಲುಗಿನ 'ಅವಸರಂ' ಗೊತ್ತು. ನಮಗದು ಆತುರ, ಅವರಿಗದು ಅಗತ್ಯ. ಅಕ್ಕಲಕೋಟೆ, ಜತ್ತದವರಿಗೆ ಮರಾಠಿಯ 'ಅನುಮಾನ' ಗೊತ್ತು. ಮರಾಠಿಯಲ್ಲಿ ಅದು ಊಹಿಸಿ ತೀರ್ಮಾನಕ್ಕೆ ಬರುವುದು, ಕನ್ನಡದಲ್ಲಿ ಸಂಶಯ. ನೀವು ನಿಮ್ಮ ಕಡೆಯ ಕಚೇರಿಯ ಕಾಗದ ಓದಿ ನಿಮ್ಮದೇ ಒಂದು ಪದ ಹುಡುಕಿ. ನೀವು ಮಾಡಿದ ಕೆಲಸದಲ್ಲಿ ನಿಜವಾಗಿ ಎದುರಾದ ಪದವೇ ಆಗಿದ್ದರೆ ಇನ್ನೂ ಒಳ್ಳೆಯದು, ಮುಂದೆ ಕೇಳಿದರೆ ವಿವರಿಸಲಿಕ್ಕೆ ಬರ್ತದೆ.

ಆ ಹುಡುಗಿ ಈ ಪುರಾವೆಯ ನಂತರ "ಇಂಥ ಕಡೆ ನಾನು ಎಂದೂ ಎಡವುವುದಿಲ್ಲ" ಅಂತ ಒಂದು ವಾಕ್ಯ ಸೇರಿಸಿದ್ದಳು. ಸಮಯ 33 ಸೆಕೆಂಡಿಗೆ ಹೋಯಿತು. ನಾವು ಕತ್ತರಿಸಿದ್ದು ಅದನ್ನೇ. ಉದಾಹರಣೆ ಹೇಳಿದ ಮೇಲೆ ನೋಡುವವರಿಗೇ ಆ ತೀರ್ಮಾನ ಬರ್ತದೆ, ನಾವು ಹೇಳಿದರೆ ಬಡಾಯಿ ಆಗ್ತದೆ. ಇನ್ನೊಂದು ವಿಷಯ, 'ದಯವಿಟ್ಟು ಅವಕಾಶ ಕೊಡಿ' ಅನ್ನುವುದೂ ಹೋಯಿತು. ಅದರ ಜಾಗಕ್ಕೆ ನೋಡುವವರು ಮುಂದೆ ಏನು ಮಾಡಬೇಕು ಅನ್ನುವುದು ಬಂತು. ಪಕ್ಕದ ಮಾದರಿ ನೋಡಿ, ಮೆಸೇಜ್ ಮಾಡಿ.

ಈಗ ಮುಖ್ಯವಾದ ಒಂದು ಪ್ರಶ್ನೆ. ಯಾವ ಭಾಷೆಯಲ್ಲಿ ಮಾತಾಡಬೇಕು? ಹೆಚ್ಚಿನವರು ಇಂಗ್ಲಿಷ್ ಅಂತಾರೆ, ಕೆಲಸ ಕೊಡುವವರಿಗೆ ಕನ್ನಡ ಗೊತ್ತಿಲ್ಲ ಅಂತ. ನನ್ನ ಲೆಕ್ಕ ಬೇರೆ. ನಿಮ್ಮ ಇಂಗ್ಲಿಷ್ ಅವರಿಗೆ ಪ್ರೊಫೈಲ್‌ನ ಬರಹದಲ್ಲೇ ಕಾಣ್ತದೆ. ಕಾಣದೆ ಇರುವುದು ನಿಮ್ಮ ಕನ್ನಡ. ಕೇರಳದ ವಿಳಾಸದವಳು ನಿಜವಾಗಿ ಕನ್ನಡದವಳಾ ಅನ್ನುವ ಸಂಶಯ ಬರೆದು ಹೇಳಿದರೆ ಹೋಗುವುದಿಲ್ಲ, ಕೇಳಿದರೆ ಹೋಗ್ತದೆ. ಕನ್ನಡ ಗೊತ್ತಿಲ್ಲದ ಮ್ಯಾನೇಜರ್ ಕೂಡ ಆ ವಿಡಿಯೊವನ್ನು ತಮ್ಮ ಕನ್ನಡ ಪರಿಶೀಲಕರಿಗೆ ಕಳಿಸಿ ಕೇಳಬಹುದು. ಅದಕ್ಕೇ ಮಾತು ಕನ್ನಡದಲ್ಲಿ, ಕೆಳಗೆ ಇಂಗ್ಲಿಷ್ ಸಬ್‌ಟೈಟಲ್. ಇಂಗ್ಲಿಷ್ ಕರೆಗಳಲ್ಲಿ ಕೂರಬೇಕಾದ ಕೆಲಸವೇ ನಿಮ್ಮ ಗುರಿಯಾದರೆ ಕೊನೆಯ ವಾಕ್ಯವನ್ನು ಇಂಗ್ಲಿಷ್‌ನಲ್ಲಿ ಹೇಳಿ, ಸಾಕು.

ಕನ್ನಡದಲ್ಲಿ ಅಂದಕೂಡಲೇ ಕೆಲವರು ಹಿಂಜರಿಯುತ್ತಾರೆ. ನಮ್ಮ ಕನ್ನಡ ಬೆಂಗಳೂರಿನ ಹಾಗೆ ಇಲ್ಲವಲ್ಲ, ಧಾಟಿ ಬೇರೆ ಅಂತ. ಧಾಟಿ ಬಿಡಬೇಡಿ, ಅದನ್ನು ಮುಚ್ಚಲಿಕ್ಕೆ ಹೋದವರ ಮಾತು ಬಾಯಿಪಾಠದ ಹಾಗೆ ಕೇಳ್ತದೆ. ಆದರೆ ಪದ ಮಾತ್ರ ನೀವು ಅನುವಾದದಲ್ಲಿ ಬರೆಯುವ ಪದವೇ ಇರಲಿ. ನಾನು ಇಲ್ಲಿ ನಿಮ್ಮ ಜೊತೆ 'ಉಂಟು' ಅಂತ ಮಾತಾಡ್ತಾ ಇದ್ದೇನೆ, ವಿಡಿಯೊದಲ್ಲಿ 'ಇದೆ' ಅಂತೇನೆ. ಬರಹದ ಕನ್ನಡ ಇವರ ಕೈಯಲ್ಲಿ ಉಂಟಾ ಅಂತ ತಾನೇ ಅವರು ನೋಡುವುದು.

ಸಬ್‌ಟೈಟಲ್ ವಿಷಯದಲ್ಲಿ ಹುಷಾರು. ನೋಡುವವರ ಮಟ್ಟಿಗೆ ಅದೇ ನಿಮ್ಮ ಮೊದಲ ಅನುವಾದ. ಅದರಲ್ಲಿ ಒಂದು ತಪ್ಪಿದ್ದರೆ ಮಾದರಿ ತೆರೆದು ನೋಡುವುದೇ ಇಲ್ಲ. ಲಿಂಕ್ಡ್‌ಇನ್‌ನಲ್ಲಿ ಜನ ಸ್ಕ್ರೋಲ್ ಮಾಡುವಾಗ ವಿಡಿಯೊಗಳು ದನಿಯಿಲ್ಲದೆ ಓಡಲಿಕ್ಕೆ ಶುರುವಾಗ್ತವೆ, ಹಾಗಾಗಿ ಓದುವುದೇ ಮೊದಲು. ಸಬ್‌ಟೈಟಲ್ ಕೆಲಸದಲ್ಲಿ ರೂಢಿಯಲ್ಲಿರುವ ಅಳತೆ ಒಂದು ಸಾಲಿಗೆ ಹೆಚ್ಚೆಂದರೆ 42 ಇಂಗ್ಲಿಷ್ ಅಕ್ಷರ, ಒಮ್ಮೆಗೆ ಎರಡೇ ಸಾಲು, ಸೆಕೆಂಡಿಗೆ 17ರ ಆಸುಪಾಸು ಅಕ್ಷರ. ಪುರಾವೆಯ ವಾಕ್ಯಕ್ಕೆ ನಾವು ಬರೆದದ್ದು ಹೀಗೆ:

```
4
00:00:17,000 --> 00:00:20,500
In a Malayalam deed, 'avakasham'
means a legal right.

5
00:00:20,500 --> 00:00:24,000
The same word in Kannada
means only an opportunity.
```

ಕನ್ನಡದ ಒಂದು ವಾಕ್ಯ ಇಲ್ಲಿ ಎರಡಾಯಿತು, ಕ್ರಮವೂ ತಿರುಗಿತು. ಕನ್ನಡದವರು ಕೇಳುವಾಗ 'ಅವಕಾಶ ಅಲ್ಲ, ಹಕ್ಕು' ಅಂದರೆ ತಟ್ಟನೆ ಹೊಳೆಯುತ್ತದೆ. ಎರಡೂ ಭಾಷೆ ಗೊತ್ತಿಲ್ಲದವರಿಗೆ ಎರಡು ಕಡೆಯ ಅರ್ಥವನ್ನೂ ಬಿಡಿಸಿ ಹೇಳಬೇಕು. ಪದಕ್ಕೆ ಪದ ಇಟ್ಟಿದ್ದರೆ ಅವರಿಗೆ ಏನೂ ತಿಳಿಯುತ್ತಿರಲಿಲ್ಲ. ಈ ಸಾಲುಗಳನ್ನು ವಿಡಿಯೊ ಎಡಿಟ್ ಮಾಡುವ ಆ್ಯಪ್‌ನಲ್ಲಿ ಚಿತ್ರದ ಮೇಲೆಯೇ ಅಚ್ಚು ಹಾಕಿಬಿಡಿ. ಬೇರೆ ಫೈಲಾಗಿ ಸೇರಿಸಿದರೆ ನೋಡುವವರು ಅದನ್ನು ಆನ್ ಮಾಡಿಕೊಳ್ಳಬೇಕಾಗಬಹುದು.

ರೆಕಾರ್ಡಿಂಗ್‌ಗೆ ಕ್ಯಾಮೆರಾ ಬೇಕಾಗಿಲ್ಲ, ಫೋನ್ ಸಾಕು. ಆದರೆ ದನಿಯ ಕಡೆ ಗಮನ ಕೊಡಿ. ಫೋನನ್ನು ನಾಲ್ಕಡಿ ದೂರ ಇಟ್ಟರೆ ಅದರ ಮೈಕು ನಿಮ್ಮ ದನಿಗಿಂತ ಕೋಣೆಯ ಪ್ರತಿಧ್ವನಿಯನ್ನೇ ಹೆಚ್ಚು ಹಿಡಿಯುತ್ತದೆ. ವೈರಿನ ಇಯರ್‌ಫೋನ್ ಮೈಕನ್ನು ಕಾಲರಿನ ಹತ್ತಿರ ಸಿಕ್ಕಿಸಿ, ಬಟ್ಟೆಗೆ ಉಜ್ಜದ ಹಾಗೆ. ಫ್ಯಾನ್ ನಿಲ್ಲಿಸಿ. ಮಂಚ, ಹಾಸಿಗೆ, ಬಟ್ಟೆಯ ಕಪಾಟು ಇರುವ ಕೋಣೆ ಖಾಲಿ ಹಜಾರಕ್ಕಿಂತ ಒಳ್ಳೆಯದು. ತಗಡಿನ ಮಾಡಿನ ಮನೆಯವರು ಮಳೆ ನಿಲ್ಲುವವರೆಗೆ ಕಾಯಲೇಬೇಕು. ಬೆಳಕಿಗೆ ಕಿಟಕಿಯ ಕಡೆ ಮುಖ ಮಾಡಿ ಕೂತುಕೊಳ್ಳಿ, ಕಿಟಕಿ ಬೆನ್ನಿಗೆ ಬಂದರೆ ಮುಖ ಕಪ್ಪಾಗ್ತದೆ. ಫೋನ್ ಅಡ್ಡ ಹಿಡಿಯುವುದು ಕ್ಷೇಮ, ಯಾಕಂದರೆ ಕಾರ್ಡು ಅಗಲವಾಗಿ ಕಾಣುವಾಗ ಉದ್ದ ವಿಡಿಯೊದಲ್ಲಿ ತಲೆಯೋ ಸಬ್‌ಟೈಟಲೋ ಕತ್ತರಿಸಿ ಹೋಗಬಹುದು. ಕಾಗದ ನೋಡಿ ಓದಬೇಡಿ, ಕಣ್ಣು ಎಡದಿಂದ ಬಲಕ್ಕೆ ಓಡುವುದು ಕಾಣ್ತದೆ. ವಾಕ್ಯ ವಾಕ್ಯವಾಗಿ ನೆನಪಿಟ್ಟು ಹೇಳಿ, ನಾಲ್ಕೈದು ಸಲ ತೆಗೆದು ಒಂದನ್ನು ಆರಿಸಿ.

ಆರಿಸುವುದು ಹೇಗೆ? ಎರಡು ಪರೀಕ್ಷೆ ಮಾಡಿ. ಕನ್ನಡ ಗೊತ್ತಿರುವ, ಆದರೆ ನಿಮ್ಮ ಕೆಲಸ ಏನೆಂದು ಗೊತ್ತಿಲ್ಲದ ಒಬ್ಬರಿಗೆ ಫೋನ್ ತಿರುಗಿಸಿಟ್ಟು ದನಿ ಮಾತ್ರ ಕೇಳಿಸಿ. ಆಮೇಲೆ ಕನ್ನಡ ಗೊತ್ತಿಲ್ಲದ ಒಬ್ಬರಿಗೆ ದನಿ ಮುಚ್ಚಿ ಚಿತ್ರ ಮಾತ್ರ ತೋರಿಸಿ. ಇಬ್ಬರಿಗೂ ಒಂದೇ ಪ್ರಶ್ನೆ: ಯಾವ ಭಾಷೆಯಿಂದ ಯಾವ ಭಾಷೆಗೆ? ತಡವರಿಸದೆ ಹೇಳಿದರೆ ವಿಡಿಯೊ ಸಿದ್ಧ. 'ಏನೋ ಟ್ರಾನ್ಸ್‌ಲೇಷನ್ ಅಂದ ಹಾಗಿತ್ತು' ಅಂದರೆ ಮೊದಲ ವಾಕ್ಯ ಕೆಟ್ಟಿದೆ ಅಂತ ಅರ್ಥ. ಕುಂಬಳೆಯ ಹುಡುಗಿಯ ಮೊದಲ ವಿಡಿಯೊ ನೋಡಿದ ಅವಳ ಸೋದರತ್ತೆ, 'ನೀನು ಟ್ಯೂಷನ್ ಶುರು ಮಾಡ್ತೀಯಾ ಮಗಾ?' ಅಂತ ಕೇಳಿದ್ದರಂತೆ!

ಇನ್ನು ಏರಿಸುವುದು. ನೇರ ದಾರಿ ಅಂದರೆ ವಿಡಿಯೊವನ್ನು ಮೊದಲು ಒಂದು ಪೋಸ್ಟಾಗಿ ಹಾಕಿ, ಯಾರು ಬೇಕಾದರೂ ನೋಡಬಹುದು ಅನ್ನುವ Anyone ಆಯ್ಕೆಯಲ್ಲಿ. ಆಮೇಲೆ ಪ್ರೊಫೈಲ್‌ಗೆ ಹೋಗಿ Add profile section ಒತ್ತಿ Featured ಭಾಗವನ್ನು ತೆರೆದು, ಆ ಪೋಸ್ಟನ್ನು ಅದಕ್ಕೆ ಸೇರಿಸಿ. ಪೋಸ್ಟ್ ಕನೆಕ್ಷನ್‌ನವರಿಗೆ ಮಾತ್ರ ಅಂತ ಇದ್ದರೆ ಹೊರಗಿನ ಏಜೆನ್ಸಿಯವರಿಗೆ ಕಾಣುವುದಿಲ್ಲ. ಆದ್ದರಿಂದ ಏರಿಸಿದ ಮೇಲೆ, ನಿಮ್ಮ ಕನೆಕ್ಷನ್‌ನಲ್ಲಿ ಇಲ್ಲದ ಒಬ್ಬರ ಫೋನಿನಿಂದ ಒಮ್ಮೆ ನೋಡಿಸಿ. ಯೂಟ್ಯೂಬ್‌ನಲ್ಲಿ Unlisted ಆಗಿ ಇಟ್ಟು ಅದರ ಲಿಂಕನ್ನು ಸೇರಿಸುವುದೂ ಆಗ್ತದೆ.

ವಿಡಿಯೊದ ಪಕ್ಕದ ಎರಡನೇ ಕಾರ್ಡು ಮಾದರಿ ಅನುವಾದ. ಇಲ್ಲಿ ಜಾರಬೇಡಿ. ಕ್ಲೈಂಟ್ ಕೊಟ್ಟ ಆಸ್ತಿಪತ್ರವನ್ನೋ ಯಾರದೋ ಜನನ ಪ್ರಮಾಣಪತ್ರವನ್ನೋ ಮಾದರಿಯಾಗಿ ಹಾಕಬಾರದು. ಅದು ಅವರ ಗುಟ್ಟು. ಹಾಕಿದ್ದನ್ನು ನೋಡಿದ ಏಜೆನ್ಸಿಯವರಿಗೆ ನಾಳೆ ನಮ್ಮ ಕಾಗದವನ್ನೂ ಹೀಗೇ ಹಾಕ್ತಾರೆ ಅಂತ ಅನ್ನಿಸ್ತದೆ. ಸಾರ್ವಜನಿಕವಾಗಿ ಪ್ರಕಟವಾದ ಒಂದು ಸರಕಾರಿ ಸುತ್ತೋಲೆ ತೆಗೆದುಕೊಳ್ಳಿ, ಒಂದು ಪುಟ, ಎಡಕ್ಕೆ ಮೂಲ, ಬಲಕ್ಕೆ ನಿಮ್ಮ ಕನ್ನಡ. ವಿಡಿಯೊದಲ್ಲಿ ಹೇಳಿದ ಪದ ಅದರಲ್ಲೂ ಬಂದರೆ ಇನ್ನೂ ಗಟ್ಟಿ.

ಕೊನೆಯದಾಗಿ, ಈ ವಿಡಿಯೊದಿಂದ ಆಗದೇ ಇರುವುದು. ಹುಡುಕುವವರು ಪದ ಟೈಪ್ ಮಾಡಿ ಹುಡುಕುತ್ತಾರೆ. ನೀವು ಬಾಯಲ್ಲಿ ಹೇಳಿದ್ದನ್ನು ನಂಬಿಕೊಂಡು ಕೂತರೆ ಆ ಹುಡುಕಾಟದಲ್ಲಿ ಸಿಗುವುದಿಲ್ಲ. ಆದ್ದರಿಂದ ಹೆಸರಿನ ಕೆಳಗಿನ ಹೆಡ್‌ಲೈನ್‌ನಲ್ಲಿ ಭಾಷೆಯ ಜೋಡಿಯನ್ನು ಇಂಗ್ಲಿಷ್‌ನಲ್ಲಿ ಬರೆದಿರಲೇಬೇಕು, Malayalam to Kannada Translator ಅಂತ. ವಿಡಿಯೊ ಕೆಲಸಕ್ಕೆ ಬರುವುದು ಅವರು ನಿಮ್ಮ ಪುಟಕ್ಕೆ ಬಂದ ಮೇಲೆ, ಇವರಾ ಇನ್ನೊಬ್ಬರಾ ಅಂತ ಅನುಮಾನಿಸುವ ಹೊತ್ತಿನಲ್ಲಿ. ಆಮೇಲೆಯೂ ಹೆಚ್ಚಿನವರು ಒಂದು ಪರೀಕ್ಷಾ ಅನುವಾದ ಕೊಡ್ತಾರೆ, ಅದನ್ನು ನೀವೇ ಗೆಲ್ಲಬೇಕು.

ಆದರೆ ಆ ಪರೀಕ್ಷೆ ಸರಿಯಾದ ದಿಕ್ಕಿನಲ್ಲಿ ಬರ್ತದೆ. ನನಗೆ ಅವತ್ತು ಬಂದದ್ದು ತಿರುಗಾಮುರುಗಾ. ಕುಂಬಳೆಯ ಹುಡುಗಿಗೆ ಕಳೆದ ತಿಂಗಳು ಬಂದ ಮೊದಲ ಫೈಲು ಮಲಯಾಳದ ಎರಡು ಪುಟದ ಭಾಗಪತ್ರ, ಕನ್ನಡಕ್ಕೆ. ಅದರಲ್ಲಿ 'ಅವಕಾಶಂ' ಏಳು ಕಡೆ ಇತ್ತಂತೆ. ಏಳೂ ಕಡೆ 'ಹಕ್ಕು' ಅಂತ ಬರೆದು ಕಳಿಸಿದ್ದೇನೆ ಅಂತ ಫೋನ್ ಮಾಡಿದ್ದಳು.

ನಾಳೆ ಹೊತ್ತಿಗೆ ನಿಮ್ಮ ನಿಮ್ಮ ಮೊದಲ ವಾಕ್ಯ ಬರೆದು ತನ್ನಿ. ಅದರಲ್ಲಿ ಒಂದು 'ಇಂದ' ಇರಲಿ, ಒಂದು 'ಕ್ಕೆ' ಇರಲಿ. ಉಳಿದದ್ದನ್ನು ಕೂತು ಕತ್ತರಿಸೋಣ.